ಶಾಟ್ ಆನ್ ಟಾರ್ಗೆಟ್ ಮಾರುಕಟ್ಟೆ: 90 ನಿಮಿಷದ ದರದಿಂದ ಓವರ್–ಅಂಡರ್ ಬೆಲೆಯವರೆಗೆ

ಫುಟ್‌ಬಾಲ್ ಪಂದ್ಯವೊಂದರಲ್ಲಿ ಒಬ್ಬ ಆಟಗಾರ ಎಷ್ಟು ಶಾಟ್ ಆನ್ ಟಾರ್ಗೆಟ್ ದಾಖಲಿಸುತ್ತಾನೆ ಎಂಬ ಮಾರುಕಟ್ಟೆಯಲ್ಲಿ ಗೆರೆ ಹೆಚ್ಚಾಗಿ 0.5 ಅಥವಾ 1.5 ಆಗಿರುತ್ತದೆ. ಓವರ್ 0.5 ಎಂದರೆ ಕನಿಷ್ಠ ಒಂದು, ಓವರ್ 1.5 ಎಂದರೆ ಕನಿಷ್ಠ ಎರಡು. ಇದಕ್ಕೆ ಬೆಲೆ ಕಟ್ಟುವ ಪ್ರಚಲಿತ ವಿಧಾನ ಸರಳವಾಗಿದೆ: ಆಟಗಾರನ 90 ನಿಮಿಷದ ದರವನ್ನು ಅವನು ಸರಾಸರಿ ಆಡುವ ನಿಮಿಷಗಳಿಂದ ಗುಣಿಸಿ, 90ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು, ಸರಾಸರಿಯೊಂದರಿಂದ ಪ್ರತಿ ಎಣಿಕೆಯ ಸಂಭವನೀಯತೆ ಕೊಡುವ ಪ್ವಾಸಾನ್ ಸೂತ್ರಕ್ಕೆ ಹಾಕುವುದು. ಈ ವಿಧಾನದಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ‘ಸರಾಸರಿ ನಿಮಿಷ’ ಎಂಬ ಒಂದೇ ಸಂಖ್ಯೆ ಅದರಲ್ಲಿ ತನ್ನ ಯೋಗ್ಯತೆಗಿಂತ ಹೆಚ್ಚಿನ ಭಾರ ಹೊರುತ್ತದೆ. ಆ ಸರಾಸರಿ 0.5 ಗೆರೆಯ ಬೆಲೆಯನ್ನು ಒಂದು ದಿಕ್ಕಿಗೂ 1.5 ಗೆರೆಯ ಬೆಲೆಯನ್ನು ಅದರ ವಿರುದ್ಧ ದಿಕ್ಕಿಗೂ ಎಳೆಯುತ್ತದೆ. ಈ ಮಾರ್ಗದರ್ಶಿ ಒಬ್ಬ ಕಾಲ್ಪನಿಕ ಸ್ಟ್ರೈಕರ್‌ನ ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ತೋರಿಸುತ್ತದೆ, ನಿಮಿಷಗಳ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಏನನ್ನು ಎಣಿಸಲಾಗುತ್ತದೆ

ಲೆಕ್ಕಕ್ಕೆ ಕೂರುವ ಮೊದಲು ಬುಕ್‌ಮೇಕರ್‌ನ ನಿಯಮಾವಳಿಯಲ್ಲಿ ಎರಡು ಸಂಗತಿಗಳನ್ನು ಓದಿಕೊಳ್ಳಬೇಕು. ಮೊದಲನೆಯದು ದತ್ತಾಂಶದ ಮೂಲ. ಬಹಳಷ್ಟು ಕಡೆ ಫಲಿತಾಂಶ ತೀರ್ಮಾನವಾಗುವುದು ಆಪ್ಟಾ ಸಂಸ್ಥೆಯ ದಾಖಲೆಯ ಮೇಲೆ. ಅದರ ವ್ಯಾಖ್ಯಾನದಂತೆ ಗೋಲಾದ ಶಾಟ್, ಗೋಲ್‌ಕೀಪರ್ ತಡೆಯದಿದ್ದರೆ ಗೋಲಾಗುತ್ತಿದ್ದ ಶಾಟ್ ಮತ್ತು ಗೋಲ್‌ಕೀಪರ್ ತಡೆಯಲಾಗದ ಸ್ಥಿತಿಯಲ್ಲಿ ಕೊನೆಯ ರಕ್ಷಕ ತಡೆದ ಶಾಟ್ ಇವು ಮೂರೂ ಆನ್ ಟಾರ್ಗೆಟ್ ಎನಿಸುತ್ತವೆ. ಕಂಬಕ್ಕೋ ಅಡ್ಡಪಟ್ಟಿಗೋ ಬಡಿದು ಹೊರಗೆ ಚಿಮ್ಮಿದ ಶಾಟ್ ಎಣಿಕೆಗೆ ಬರುವುದಿಲ್ಲ. ಹಿಂದೆ ಇನ್ನೂ ಆಟಗಾರರಿರುವಾಗ ನಡುವೆ ನಿಂತ ರಕ್ಷಕನಿಗೆ ತಾಗಿ ನಿಂತ ಶಾಟ್ ನೇರವಾಗಿ ಗೋಲಿನತ್ತಲೇ ಸಾಗುತ್ತಿದ್ದರೂ ‘ಬ್ಲಾಕ್ಡ್’ ಎಂಬ ಬೇರೆ ಖಾತೆಗೆ ಹೋಗುತ್ತದೆ. ಬೇರೆ ದತ್ತಾಂಶ ಸಂಸ್ಥೆಗಳು ಈ ಗಡಿಗಳನ್ನು ತುಸು ಆಚೀಚೆ ಎಳೆಯುತ್ತವೆ. ಆದ್ದರಿಂದ ದರವನ್ನು ಯಾವ ಸಂಸ್ಥೆಯ ಅಂಕಿಅಂಶದಿಂದ ಪಡೆಯುತ್ತೇವೆಯೋ ಫಲಿತಾಂಶವೂ ಅದೇ ಸಂಸ್ಥೆಯಿಂದ ತೀರ್ಮಾನವಾಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಎರಡನೆಯದು, ಆಟಗಾರ ಆರಂಭಿಕ ಹನ್ನೊಂದರಲ್ಲಿ ಇಲ್ಲದಿದ್ದರೆ ಬಾಜಿ ಏನಾಗುತ್ತದೆ ಎಂಬುದು. ಕೆಲವು ಕಡೆ ಅದು ರದ್ದಾಗಿ ಹಣ ಹಿಂತಿರುಗುತ್ತದೆ. ಇನ್ನು ಕೆಲವು ಕಡೆ ಬದಲಿಯಾಗಿ ಒಂದೇ ನಿಮಿಷ ಮೈದಾನಕ್ಕಿಳಿದರೂ ಬಾಜಿ ಊರ್ಜಿತವಾಗುತ್ತದೆ. ಮುಂದೆ ಕಾಣುವಂತೆ, ಈ ಒಂದು ಸಾಲಿನ ನಿಯಮ ನ್ಯಾಯಬೆಲೆಯನ್ನು, ಅಂದರೆ ಬುಕ್‌ಮೇಕರ್‌ನ ಲಾಭಾಂಶ ಸೇರದ, ಸಂಭವನೀಯತೆಯ ವಿಲೋಮವಾದ ಬೆಲೆಯನ್ನು, 1.76ರಿಂದ 2.10ಕ್ಕೆ ಒಯ್ಯಬಲ್ಲದು. ನಾಕೌಟ್ ಪಂದ್ಯವಾದರೆ ಎಕ್ಸ್‌ಟ್ರಾ ಟೈಮ್ ಲೆಕ್ಕಕ್ಕಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು, ಸಾಮಾನ್ಯವಾಗಿ ಅದು ಇರುವುದಿಲ್ಲ.

ದರವನ್ನು ಕಟ್ಟುವುದು

ನಮ್ಮ ಸ್ಟ್ರೈಕರ್ ಈ ಋತುವಿನಲ್ಲಿ 1,860 ನಿಮಿಷ ಆಡಿ 62 ಶಾಟ್ ಹೊಡೆದಿದ್ದಾನೆ, ಅವುಗಳಲ್ಲಿ 26 ಆನ್ ಟಾರ್ಗೆಟ್ ಎಂದಿಟ್ಟುಕೊಳ್ಳೋಣ. ಇವುಗಳಲ್ಲಿ ಮೂರು ಪೆನಾಲ್ಟಿಗಳು, ಮೂರೂ ಗುರಿಯ ಮೇಲಿದ್ದವು. ಮೊದಲು ಪೆನಾಲ್ಟಿಗಳನ್ನು ಹೊರಗಿಡಬೇಕು, ಏಕೆಂದರೆ ಅವು ಆಟಗಾರನ ಓಡಾಟದಿಂದಲ್ಲ, ತಂಡಕ್ಕೆ ಯಾವಾಗ ಪೆನಾಲ್ಟಿ ಸಿಗುತ್ತದೆ ಎಂಬುದರಿಂದ ಹುಟ್ಟುವಂಥವು. ಕೆಲವು ಅಂಕಿಅಂಶ ಕೋಷ್ಟಕಗಳು ಶಾಟ್‌ಗಳಲ್ಲಿ ಪೆನಾಲ್ಟಿಯನ್ನು ಸೇರಿಸಿರುತ್ತವೆ, ಕೆಲವು ಸೇರಿಸಿರುವುದಿಲ್ಲ. ಅಡಿಟಿಪ್ಪಣಿ ಓದದೆ ಮುಂದುವರಿದರೆ ಒಂದೇ ಪೆನಾಲ್ಟಿಯನ್ನು ಎರಡು ಸಲ ಎಣಿಸುವುದೋ ಪೂರ್ತಿ ಬಿಟ್ಟುಬಿಡುವುದೋ ಆಗುತ್ತದೆ.

ಉಳಿದದ್ದು 59 ಶಾಟ್, 23 ಆನ್ ಟಾರ್ಗೆಟ್. 1,860 ನಿಮಿಷವೆಂದರೆ 20.67 ಪೂರ್ಣ ಪಂದ್ಯ. ಹಾಗಾಗಿ 90 ನಿಮಿಷಕ್ಕೆ 2.86 ಶಾಟ್ ಮತ್ತು 1.11 ಶಾಟ್ ಆನ್ ಟಾರ್ಗೆಟ್. ಈ 1.11ನ್ನು ಹಾಗೆಯೇ ಬಳಸುವ ಆಸೆ ಸಹಜ, ಆದರೆ ಅದು 23 ಘಟನೆಗಳ ಮೇಲೆ ನಿಂತ ಸಂಖ್ಯೆ. ಇಂಥ ಎಣಿಕೆಯ ಪ್ರಮಾಣಿತ ದೋಷ ಸುಮಾರಾಗಿ ಅದರ ವರ್ಗಮೂಲದಷ್ಟು, ಅಂದರೆ 4.8. ಎಂದರೆ ದರದಲ್ಲಿ ಶೇಕಡಾ 21ರಷ್ಟು ಅನಿಶ್ಚಿತತೆ ಕೇವಲ ಅದೃಷ್ಟದ ಏರಿಳಿತದಿಂದಲೇ ಇದೆ. ಒಟ್ಟು ಶಾಟ್‌ಗಳ ಎಣಿಕೆ 59 ಆದ್ದರಿಂದ ಅಲ್ಲಿ ಅನಿಶ್ಚಿತತೆ ಶೇಕಡಾ 13ಕ್ಕೆ ಇಳಿಯುತ್ತದೆ.

ಆದ್ದರಿಂದ ದರವನ್ನು ಎರಡು ತುಂಡಾಗಿ ಕಟ್ಟುವುದು ಲೇಸು. ಎಷ್ಟು ಶಾಟ್ ಹೊಡೆಯುತ್ತಾನೆ ಎಂಬುದು ಆಟಗಾರನ ಪಾತ್ರ ಮತ್ತು ಸ್ವಭಾವಕ್ಕೆ ಅಂಟಿಕೊಂಡ ಗುಣ, ಬೇಗ ಸ್ಥಿರವಾಗುತ್ತದೆ. ಅವುಗಳಲ್ಲಿ ಎಷ್ಟು ಪಾಲು ಗುರಿಯ ಮೇಲೆ ಹೋಗುತ್ತದೆ ಎಂಬುದು ಬಹಳ ನಿಧಾನವಾಗಿ ಸ್ಥಿರವಾಗುತ್ತದೆ. ಮೊದಲನೆಯದನ್ನು ಹಾಗೆಯೇ ಇಟ್ಟುಕೊಂಡು ಎರಡನೆಯದನ್ನು ಲೀಗಿನ ಸರಾಸರಿಯ ಕಡೆಗೆ ಎಳೆಯಬೇಕು. ದೊಡ್ಡ ಲೀಗ್‌ಗಳಲ್ಲಿ ಆ ಸರಾಸರಿ ಸುಮಾರು ಮೂರರಲ್ಲಿ ಒಂದು. ಇಲ್ಲಿ 34% ಎಂದು ತೆಗೆದುಕೊಂಡು ಅದಕ್ಕೆ 100 ಶಾಟ್‌ಗಳ ತೂಕ ಕೊಡೋಣ:

```
(23 + 34) / (59 + 100) = 0.358
2.86 × 0.358 = 1.02
```

100 ಎಂಬ ತೂಕ ಇಲ್ಲಿ ನಾನು ಆರಿಸಿಕೊಂಡದ್ದು. ಹಿಂದಿನ ಋತುಗಳ ದತ್ತಾಂಶವಿದ್ದವರು ಬೇರೆ ಬೇರೆ ತೂಕಗಳನ್ನು ಹಾಕಿ, ಋತುವಿನ ಮೊದಲರ್ಧದಿಂದ ಎರಡನೆಯ ಅರ್ಧವನ್ನು ಯಾವುದು ಚೆನ್ನಾಗಿ ಊಹಿಸುತ್ತದೆ ಎಂದು ನೋಡಿ ನಿರ್ಧರಿಸಬಹುದು. ಕಳೆದ ಐದು ಪಂದ್ಯಗಳ ಲಯವನ್ನು ನೋಡಿ ದರ ಕಟ್ಟುವ ರೂಢಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಐದು ಪಂದ್ಯದಲ್ಲಿ ಸಿಗುವುದು ಐದಾರು ಘಟನೆ, ಅದರ ಮೇಲೆ ಯಾವ ದರವೂ ನಿಲ್ಲುವುದಿಲ್ಲ. ಆಟಗಾರನ ಸ್ಥಾನವೇ ಬದಲಾಗಿದ್ದರೆ, ಉದಾಹರಣೆಗೆ ವಿಂಗರ್ ಆಗಿದ್ದವನು ನಡುವಿನ ಸ್ಟ್ರೈಕರ್ ಆಗಿದ್ದರೆ, ಮಾತು ಬೇರೆ. ಆಗ ಹಳೆಯ ನಿಮಿಷಗಳ ತೂಕವನ್ನು ಇಳಿಸಲು ನಿಜವಾದ ಕಾರಣವಿದೆ.

ಈ ಪಂದ್ಯಕ್ಕೆ ಹೊಂದಿಸುವುದು

1.02 ಎಂಬುದು ಸರಾಸರಿ ಎದುರಾಳಿಯ ವಿರುದ್ಧದ ದರ. ಎದುರಾಳಿ ಎಷ್ಟು ಶಾಟ್ ಬಿಟ್ಟುಕೊಡುತ್ತದೆ ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುವುದಕ್ಕಿಂತ, ಪಂದ್ಯದ ಗೆಲುವು–ಸೋಲಿನ ಮತ್ತು ಒಟ್ಟು ಗೋಲುಗಳ ಮಾರುಕಟ್ಟೆಯಿಂದ ತಂಡದ ನಿರೀಕ್ಷಿತ ಗೋಲನ್ನು ಹಿಂದಕ್ಕೆ ಲೆಕ್ಕ ಹಾಕಿ ತೆಗೆಯುವುದು ಉತ್ತಮ. ಆ ಮಾರುಕಟ್ಟೆಯಲ್ಲಿ ಹಣದ ಹರಿವು ಹೆಚ್ಚು, ತವರು ಮೈದಾನ, ಗಾಯಾಳುಗಳು, ಎದುರಾಳಿಯ ಬಲ ಎಲ್ಲವೂ ಅದರೊಳಗೆ ಆಗಲೇ ಸೇರಿರುತ್ತವೆ. ನಮ್ಮ ತಂಡದ ಋತುವಿನ ಸರಾಸರಿ ನಿರೀಕ್ಷೆ 1.55 ಗೋಲು, ಈ ಪಂದ್ಯಕ್ಕೆ 1.30 ಎಂದಾದರೆ ಅನುಪಾತ 0.84.

ಈ 16% ಇಳಿಕೆಯನ್ನು ಪೂರ್ತಿಯಾಗಿ ಶಾಟ್‌ಗಳಿಗೆ ಹೊರಿಸಬಾರದು. ಗಟ್ಟಿ ತಂಡದ ಎದುರು ಗೋಲು ಕಡಿಮೆಯಾಗುವುದು ಶಾಟ್‌ಗಳ ಸಂಖ್ಯೆ ಇಳಿಯುವುದರಿಂದ ಮಾತ್ರವಲ್ಲ, ಒಂದೊಂದು ಶಾಟ್‌ನ ಗುಣಮಟ್ಟ ಇಳಿಯುವುದರಿಂದಲೂ ಹೌದು. ದೂರದಿಂದ ಹೊಡೆದು ಕೀಪರ್‌ನ ಕೈ ಸೇರಿದ ಚೆಂಡು ಗೋಲಿನ ಲೆಕ್ಕದಲ್ಲಿ ಏನೂ ಅಲ್ಲದಿದ್ದರೂ ಈ ಮಾರುಕಟ್ಟೆಯಲ್ಲಿ ಪೂರ್ಣ ಒಂದು. ಮುಕ್ಕಾಲು ಭಾಗ ಪರಿಣಾಮವನ್ನು ತೆಗೆದುಕೊಂಡರೆ ಗುಣಕ 0.88, ದರ 0.90.

ಇನ್ನು ಹೊರಗಿಟ್ಟಿದ್ದ ಪೆನಾಲ್ಟಿಯನ್ನು ಒಳಗೆ ತರಬೇಕು. ತಂಡಕ್ಕೆ ಪಂದ್ಯಕ್ಕೆ 0.13 ಪೆನಾಲ್ಟಿ ಸಿಗುತ್ತದೆ, ಹೊಡೆಯುವವನು ನಮ್ಮ ಸ್ಟ್ರೈಕರ್, ಹತ್ತರಲ್ಲಿ ಒಂಬತ್ತು ಗುರಿಯ ಮೇಲಿರುತ್ತವೆ ಎಂದುಕೊಂಡು ಎದುರಾಳಿಯ ಗುಣಕವನ್ನೂ ಹಾಕಿದರೆ 0.13 × 0.9 × 0.88, ಅಂದರೆ ಸುಮಾರು 0.10. ಒಟ್ಟು ದರ 90 ನಿಮಿಷಕ್ಕೆ 1.00. ಪೆನಾಲ್ಟಿ ಹೊಡೆಯುವ ಇನ್ನೊಬ್ಬ ಆಟಗಾರ ಗಾಯದಿಂದ ಮರಳಿ ಬಂದ ದಿನ ಈ ಹತ್ತನೆಯ ಒಂದು ಪಾಲು ಸದ್ದಿಲ್ಲದೆ ಕಳೆದುಹೋಗುತ್ತದೆ.

ನಿಮಿಷಗಳು: ಸರಾಸರಿಯಲ್ಲ, ಹಂಚಿಕೆ

ಮೊದಲು ಸುಲಭದ ಪ್ರಸಂಗ: ಆಟಗಾರ ಆರಂಭದಲ್ಲಿ ಇಲ್ಲದಿದ್ದರೆ ಬಾಜಿ ರದ್ದು. ಆಗ ನಮಗೆ ಬೇಕಾದದ್ದು ಆರಂಭಿಸಿದಾಗ ಅವನು ಎಷ್ಟು ಹೊತ್ತು ಆಡುತ್ತಾನೆ ಎಂಬುದಷ್ಟೇ. ಐದು ಬದಲಿ ಆಟಗಾರರ ನಿಯಮ 2022ರಲ್ಲಿ ಶಾಶ್ವತವಾದ ಮೇಲೆ ಸ್ಟ್ರೈಕರ್‌ಗಳು ಪೂರ್ತಿ ಪಂದ್ಯ ಮುಗಿಸುವುದು ಖಾತ್ರಿಯ ಮಾತಲ್ಲ, ಅದಕ್ಕಿಂತ ಹಿಂದಿನ ಋತುಗಳ ನಿಮಿಷಗಳನ್ನು ಇಲ್ಲಿ ಬಳಸುವುದು ಸಲ್ಲದು. ಅವನು ಆರಂಭಿಸಿದ ಪಂದ್ಯಗಳನ್ನು ಒಂದೊಂದಾಗಿ ನೋಡಿ ಹೀಗೆ ನಾಲ್ಕು ಗುಂಪು ಮಾಡಿದೆವು ಎನ್ನೋಣ: 30% ಸಲ ಪೂರ್ತಿ 90, 35% ಸಲ ಸುಮಾರು 80, 30% ಸಲ ಸುಮಾರು 68, ಉಳಿದ 5% ಸಲ ಗಾಯವೋ ಕೆಂಪು ಕಾರ್ಡೋ ಬಂದು ಸುಮಾರು 30. ಸರಾಸರಿ 76.9 ನಿಮಿಷ.

ಪ್ರತಿ ಗುಂಪಿಗೂ ನಿರೀಕ್ಷಿತ ಸಂಖ್ಯೆ λ = ದರ × ನಿಮಿಷ / 90. ಪ್ವಾಸಾನ್ ಪ್ರಕಾರ ಒಂದೂ ಬಾರದಿರುವ ಸಂಭವನೀಯತೆ e^(−λ), ಸರಿಯಾಗಿ ಒಂದು ಬರುವುದು λ·e^(−λ). ಗುಂಪುಗಳ ತೂಕದಿಂದ ಗುಣಿಸಿ ಕೂಡಿಸಿದರೆ ಆಯಿತು. ಇಷ್ಟಕ್ಕೆ ಚಿಕ್ಕ ಪ್ರೋಗ್ರಾಮ್ ಸಾಕು:

```python
from math import exp

rate = 1.00
groups = [(90, .30), (80, .35), (68, .30), (30, .05)]
p0 = p1 = 0
for minutes, w in groups:
    lam = rate * minutes / 90
    p0 += w * exp(-lam)
    p1 += w * lam * exp(-lam)

print(1 / (1 - p0), 1 / p0)
print(1 / (1 - p0 - p1), 1 / (p0 + p1))
```

ಶೂನ್ಯದ ಸಂಭವನೀಯತೆ 0.431 ಬರುತ್ತದೆ. ಆದ್ದರಿಂದ ಓವರ್ 0.5ಕ್ಕೆ 56.9%, ನ್ಯಾಯಬೆಲೆ 1.76, ಅಂಡರ್‌ಗೆ 2.32. ಎರಡು ಅಥವಾ ಹೆಚ್ಚು ಬರುವುದು 21.2%, ಓವರ್ 1.5ರ ನ್ಯಾಯಬೆಲೆ 4.71, ಅಂಡರ್‌ಗೆ 1.27. ಸರಾಸರಿ 76.9 ನಿಮಿಷವನ್ನೇ ನೇರವಾಗಿ ಹಾಕಿದ್ದರೆ 57.4% ಬಂದು ಬೆಲೆ 1.74 ಆಗುತ್ತಿತ್ತು. ವ್ಯತ್ಯಾಸ ತೀರಾ ಸಣ್ಣದು. ಆರಂಭಿಕ ಹನ್ನೊಂದು ಪ್ರಕಟವಾದ ಮೇಲೆ, ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಬರುವ ಆಟಗಾರನ ವಿಷಯದಲ್ಲಿ, ಸರಾಸರಿಯಿಂದ ಕೆಲಸ ಸಾಗಿಸಿದವರನ್ನು ದೂಷಿಸಲಾಗದು.

ಹನ್ನೊಂದು ಪ್ರಕಟವಾಗುವ ಮೊದಲು

ಕಷ್ಟದ ಪ್ರಸಂಗ ಇದು: ಮೈದಾನಕ್ಕೆ ಇಳಿದರೆ ಸಾಕು ಬಾಜಿ ಊರ್ಜಿತ ಎಂಬ ನಿಯಮವಿದೆ, ತಂಡ ಇನ್ನೂ ಪ್ರಕಟವಾಗಿಲ್ಲ. ಅವನು ಆರಂಭಿಸುವ ಸಾಧ್ಯತೆ 70%, ಬದಲಿಯಾಗಿ ಬರುವುದು 25%, ಆಡದೇ ಇರುವುದು 5%. ಆಡದಿದ್ದರೆ ಹಣ ಹಿಂತಿರುಗುವುದರಿಂದ ಆ 5%ನ್ನು ತೆಗೆದುಹಾಕಿ ಉಳಿದದ್ದನ್ನು ನೂರಕ್ಕೆ ಏರಿಸಬೇಕು: ಆರಂಭ 73.7%, ಬದಲಿ 26.3%.

ಬದಲಿಯಾಗಿ ಬಂದಾಗಿನ ನಿಮಿಷಗಳನ್ನು ಎಣಿಸುವಲ್ಲಿ ಒಂದು ತೊಡಕಿದೆ. ಅಂಕಿಅಂಶಗಳಲ್ಲಿ ಪಂದ್ಯ 90 ನಿಮಿಷಕ್ಕೆ ಮುಗಿಯುತ್ತದೆ, ಇಂಜುರಿ ಟೈಮ್ ದಾಖಲಾಗುವುದಿಲ್ಲ. 74ನೇ ನಿಮಿಷದಲ್ಲಿ ಬಂದವನ ಹೆಸರಿನಲ್ಲಿ 16 ನಿಮಿಷ ಇರುತ್ತದೆ, ಆದರೆ ಆರು ನಿಮಿಷದ ಇಂಜುರಿ ಟೈಮ್ ಇದ್ದರೆ ಅವನು ಆಡಿದ್ದು 22. ಬದಲಿ ಆಟಗಾರರ 90 ನಿಮಿಷದ ದರಗಳು ಅತಿಯಾಗಿ ಉಬ್ಬಿಕೊಂಡಿರುವುದಕ್ಕೆ ಇದೊಂದು ದೊಡ್ಡ ಕಾರಣ, 88ನೇ ನಿಮಿಷಕ್ಕೆ ಬರುವವರಲ್ಲಂತೂ ಆ ಸಂಖ್ಯೆಗೆ ಅರ್ಥವೇ ಇರುವುದಿಲ್ಲ. ಆರಂಭಿಸುವ ಆಟಗಾರನ ದರದಲ್ಲಿ ಈ ಹೆಚ್ಚುವರಿ ನಿಮಿಷಗಳು ಆಗಲೇ ಅಡಗಿರುವುದರಿಂದ ಅವನಿಗೆ ಬೇರೆ ತಿದ್ದುಪಡಿ ಬೇಡ. ಬದಲಿಯಾಗಿ ಬರುವ ಪ್ರಸಂಗಕ್ಕೆ ಮಾತ್ರ ಆರಂಭಿಕನಾಗಿ ಪಡೆದ ದರವನ್ನೇ ಇಟ್ಟುಕೊಂಡು ನಿಮಿಷಗಳನ್ನು 22 ಎಂದು ತೆಗೆದುಕೊಳ್ಳುವುದು ಸುರಕ್ಷಿತ.

ಆಗ λ = 0.244, ಕನಿಷ್ಠ ಒಂದು ಬರುವುದು 21.7%, ಎರಡು ಅಥವಾ ಹೆಚ್ಚು 2.5%. ಮಿಶ್ರಣ ಮಾಡಿದರೆ ಓವರ್ 0.5ಕ್ಕೆ 0.737 × 0.569 + 0.263 × 0.217, ಅಂದರೆ 47.6%, ನ್ಯಾಯಬೆಲೆ 2.10. ಓವರ್ 1.5ಕ್ಕೆ 16.3%, ನ್ಯಾಯಬೆಲೆ 6.13.

ಈಗ ಅದನ್ನೇ ಸರಾಸರಿಯಿಂದ ಮಾಡಿ ನೋಡೋಣ. ನಿರೀಕ್ಷಿತ ನಿಮಿಷ 62.4, λ = 0.694. ಓವರ್ 0.5ಕ್ಕೆ 50.0%, ಬೆಲೆ 2.00. ಓವರ್ 1.5ಕ್ಕೆ 15.4%, ಬೆಲೆ 6.51. ಎಂದರೆ ಸರಾಸರಿ ಬಳಸಿದವನು 0.5 ಗೆರೆಯಲ್ಲಿ ಓವರ್‌ಗೆ ಹೆಚ್ಚಿನ ಸಂಭವನೀಯತೆ ಕೊಟ್ಟಿದ್ದಾನೆ, 1.5 ಗೆರೆಯಲ್ಲಿ ಅದೇ ಓವರ್‌ಗೆ ಕಡಿಮೆ ಕೊಟ್ಟಿದ್ದಾನೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮೊದಲ ಶಾಟ್‌ನ ಸಂಭವನೀಯತೆ ನಿಮಿಷಗಳು ಹೆಚ್ಚಿದಂತೆ ಏರುತ್ತದೆ, ಆದರೆ ಏರುವ ವೇಗ ಕುಗ್ಗುತ್ತಾ ಹೋಗುತ್ತದೆ. ಕೊನೆಯ ಇಪ್ಪತ್ತು ನಿಮಿಷಗಳಿಗಿಂತ ಮೊದಲ ಇಪ್ಪತ್ತು ನಿಮಿಷಗಳ ಬೆಲೆ ದೊಡ್ಡದು. ಎರಡನೆಯ ಶಾಟ್‌ಗೆ, λ ಒಂದಕ್ಕಿಂತ ಕಡಿಮೆ ಇರುವವರೆಗೂ, ಇದು ತಿರುಗುಮುರುಗು: ನಿಮಿಷಗಳು ಹೆಚ್ಚಿದಂತೆ ಏರುವ ವೇಗವೂ ಹೆಚ್ಚುತ್ತದೆ. 62 ನಿಮಿಷ ಆಡುವ ಆಟಗಾರ ಎಂಬವನು ವಾಸ್ತವದಲ್ಲಿ ಇಲ್ಲ, ಇರುವುದು 77 ನಿಮಿಷದವನು ಅಥವಾ 22 ನಿಮಿಷದವನು. ಎರಡು ಶಾಟ್‌ಗಳು ಬರುವುದು ಬಹುಮಟ್ಟಿಗೆ ಮೊದಲನೆಯವನಿಂದ, ಎರಡನೆಯವನು ಹೆಚ್ಚಿನ ಸಲ ಖಾಲಿ ಕೈಯಲ್ಲೇ ಮರಳುತ್ತಾನೆ.

ವಾರದ ನಡುವೆ ಇನ್ನೊಂದು ಟೂರ್ನಿಯ ಪಂದ್ಯವಿರುವ ತಂಡಗಳಲ್ಲಿ, ಗಾಯದಿಂದ ಮರಳುತ್ತಿರುವ ಆಟಗಾರರಲ್ಲಿ ಈ ಅಂತರ ಇನ್ನೂ ಅಗಲವಾಗುತ್ತದೆ. ಅಂಥ ಪಂದ್ಯಗಳಲ್ಲಿ ದರವನ್ನು ಎರಡನೆಯ ದಶಮಾಂಶದವರೆಗೆ ತಿದ್ದುತ್ತಾ ಕೂರುವುದಕ್ಕಿಂತ, ಆರಂಭಿಸುವ ಸಾಧ್ಯತೆ 70%ವೋ 55%ವೋ ಎಂದು ಯೋಚಿಸಲು ಸಮಯ ಕೊಡುವುದು ಹೆಚ್ಚು ಫಲಕಾರಿ.

ಮಾರ್ಜಿನ್ ಮತ್ತು ಹೋಲಿಕೆ

ನ್ಯಾಯಬೆಲೆಯಲ್ಲಿ ಯಾರೂ ವ್ಯವಹರಿಸುವುದಿಲ್ಲ. ನಾವೇ ಬೆಲೆ ಪ್ರಕಟಿಸುವವರಾದರೆ, ಆರಂಭಿಸಿದರೆ ಮಾತ್ರ ಊರ್ಜಿತವಾಗುವ ಮಾರುಕಟ್ಟೆಗೆ ನಮ್ಮ ಲಾಭಾಂಶವಾಗಿ 6% ಮಾರ್ಜಿನ್ ಸೇರಿಸಿದಾಗ ಓವರ್ 1 / (0.569 × 1.06) = 1.66, ಅಂಡರ್ 2.19 ಆಗುತ್ತದೆ. ಎದುರು ಬದಿಯಲ್ಲಿ ನಿಂತು ಬೇರೊಬ್ಬರ ಬೆಲೆಯನ್ನು ಪರೀಕ್ಷಿಸುವವರಾದರೆ, ಎರಡೂ ಬೆಲೆಗಳ ವಿಲೋಮಗಳನ್ನು ಕೂಡಿಸಿ, ಆ ಮೊತ್ತದಿಂದ ಓವರ್‌ನ ವಿಲೋಮವನ್ನು ಭಾಗಿಸಬೇಕು. ಓವರ್ 1.70, ಅಂಡರ್ 2.10 ಎಂದಿದ್ದರೆ 0.588 + 0.476 = 1.064, ಮಾರ್ಜಿನ್ ಕಳೆದ ಓವರ್ ಸಂಭವನೀಯತೆ 55.3%. ನಮ್ಮ ಲೆಕ್ಕ 56.9%. ನಾವು ಓವರ್ ಕಡೆಗೆ ವಾಲಿದ್ದೇವೆ ನಿಜ, ಆದರೆ 1.70ಕ್ಕೆ ಕೊಳ್ಳಲು 58.8% ಬೇಕು. ಎರಡೂ ಬದಿಯಲ್ಲಿ ಮಾಡುವಂಥದ್ದೇನೂ ಇಲ್ಲ. ಶ್ರದ್ಧೆಯಿಂದ ಲೆಕ್ಕ ಹಾಕಿದವರಿಗೆ ಹೆಚ್ಚಿನ ಸಲ ಸಿಗುವ ಉತ್ತರ ಇದೇ.

ಅನೇಕ ಕಡೆ ಓವರ್ ಬೆಲೆಯನ್ನು ಮಾತ್ರ ಕೊಡುತ್ತಾರೆ, ಅಂಡರ್ ಇರುವುದೇ ಇಲ್ಲ. ಅಲ್ಲಿ ಮಾರ್ಜಿನ್ ಎಷ್ಟೆಂದು ಬೇರ್ಪಡಿಸಿ ನೋಡುವ ದಾರಿಯಿಲ್ಲದ ಕಾರಣ, ಆ ಬೆಲೆಯನ್ನು ಮಾರುಕಟ್ಟೆಯ ಅಭಿಪ್ರಾಯವೆಂದು ಓದಬಾರದು. ಜೊತೆಗೆ ನಮ್ಮ ಸಂಖ್ಯೆಯ ಸೂಕ್ಷ್ಮತೆಯನ್ನೂ ನೆನಪಿಡಬೇಕು: ದರ 1.00ರ ಬದಲು 1.10 ಆಗಿದ್ದರೆ ಓವರ್ 0.5 ಸಂಭವನೀಯತೆ 60.3%ಕ್ಕೆ ಏರಿ ನ್ಯಾಯಬೆಲೆ 1.66 ಆಗುತ್ತದೆ. ದರದಲ್ಲಿ ಶೇಕಡಾ ಹತ್ತರ ತಪ್ಪು ಇಡೀ ಮಾರ್ಜಿನ್‌ನಷ್ಟು ದೊಡ್ಡದು, ಹಾಗೂ ಮೊದಲೇ ಕಂಡಂತೆ ಒಂದು ಋತುವಿನ ದತ್ತಾಂಶದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಸಹಜವಾಗಿಯೇ ಇರುತ್ತದೆ.

ಎಲ್ಲಿ ತಪ್ಪಿದೆ ಎಂದು ತಿಳಿಯುವುದು

ಕೆಲವು ನೂರು ಬೆಲೆಗಳು ಕೂಡಿದ ಮೇಲೆ ಒಟ್ಟು ಲಾಭನಷ್ಟವನ್ನು ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ನಿಮಿಷಗಳ ಊಹೆಯನ್ನೂ ದರದ ಊಹೆಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. 70% ಎಂದು ಗುರುತಿಸಿದ ಆಟಗಾರರಲ್ಲಿ ನಿಜಕ್ಕೂ ಹತ್ತರಲ್ಲಿ ಏಳು ಮಂದಿ ಆರಂಭಿಸಿದರೇ ಎಂಬುದು ಒಂದು ಪ್ರಶ್ನೆ. ಅವರು ವಾಸ್ತವವಾಗಿ ಆಡಿದ ನಿಮಿಷಗಳನ್ನು ಹಾಕಿ ಮತ್ತೆ ಲೆಕ್ಕ ಮಾಡಿದಾಗ ಶಾಟ್‌ಗಳ ಮೊತ್ತ ಸರಿಹೊಂದುತ್ತದೆಯೇ ಎಂಬುದು ಇನ್ನೊಂದು.

ಆ ಎರಡನೆಯ ಲೆಕ್ಕದಲ್ಲಿ ಶೂನ್ಯ, ಒಂದು, ಎರಡು ಅಥವಾ ಹೆಚ್ಚು ಎಂಬ ಮೂರು ಗುಂಪುಗಳನ್ನು ಬಿಡಿಯಾಗಿ ನೋಡಬೇಕು. ನಿರೀಕ್ಷೆಗಿಂತ ಶೂನ್ಯಗಳು ಹೆಚ್ಚಿ, ಎರಡು ಅಥವಾ ಹೆಚ್ಚಿನವು ಕಡಿಮೆಯಾಗಿದ್ದರೆ ದರವೇ ಎತ್ತರದಲ್ಲಿದೆ, ಗುರಿಯ ಮೇಲೆ ಹೋಗುವ ಶಾಟ್‌ಗಳ ಪಾಲನ್ನು ಸರಾಸರಿಯ ಕಡೆಗೆ ಇನ್ನಷ್ಟು ಎಳೆಯಬೇಕು. ಶೂನ್ಯಗಳೂ ಹೆಚ್ಚಾಗಿ ಎರಡು ಅಥವಾ ಹೆಚ್ಚಿನವೂ ಹೆಚ್ಚಾಗಿದ್ದು ಸರಿಯಾಗಿ ಒಂದು ಬಂದ ಪಂದ್ಯಗಳು ಮಾತ್ರ ಕಡಿಮೆಯಿದ್ದರೆ ದರದ ಸರಾಸರಿ ಸರಿಯಿದೆ, ಆದರೆ ಅದು ಪಂದ್ಯದಿಂದ ಪಂದ್ಯಕ್ಕೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಓಲಾಡುತ್ತಿದೆ. ಆಗ ಪ್ವಾಸಾನ್ ಬಿಟ್ಟು ನೆಗೆಟಿವ್ ಬೈನೋಮಿಯಲ್ ಹಂಚಿಕೆಗೆ ಹೋಗಬೇಕು, ಇಲ್ಲವೇ ನಿಮಿಷಗಳಿಗೆ ಮಾಡಿದಂತೆ ದರಕ್ಕೂ ಎರಡು ಮೂರು ಗುಂಪುಗಳನ್ನು ಮಾಡಿ ಮೇಲಿನ ಪ್ರೋಗ್ರಾಮ್‌ನಲ್ಲೇ ಇನ್ನೊಂದು ಸುತ್ತು ಸೇರಿಸಬೇಕು. ವಾಸ್ತವ ನಿಮಿಷಗಳನ್ನು ಹಾಕಿದಾಗ ಮೂರೂ ಗುಂಪುಗಳು ಸರಿಹೊಂದಿ, ಪಂದ್ಯಕ್ಕೆ ಮೊದಲಿನ ನಿಮಿಷಗಳನ್ನು ಹಾಕಿದಾಗ ಮಾತ್ರ ತಪ್ಪುತ್ತಿದ್ದರೆ, ದರವನ್ನು ಮುಟ್ಟದೆ ಆರಂಭಿಕ ಹನ್ನೊಂದರ ಊಹೆಯನ್ನಷ್ಟೇ ತಿದ್ದಬೇಕು.